ಮೂರು ಗುಂಪುಗಳ ಹೋಲಿಕೆ: ಅನೋವಾ ಸಾಕೇ, ರ‍್ಯಾಂಕ್ ಪರೀಕ್ಷೆ ಬೇಕೇ?

ಬಾಗಲಕೋಟೆ ಸೀಮೆಯ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ರೋಗದ ಕಾಟ ಚೆನ್ನಾಗಿ ಗೊತ್ತು. ಮಳೆ ಹನಿ ಸಿಡಿದರೆ ಸಾಕು, ರೋಗ ಒಂದು ಗಿಡದಿಂದ ಪಕ್ಕದ ಗಿಡಕ್ಕೆ ಹಾರುತ್ತದೆ. ಇಲ್ಲಿ ತೋಟಗಾರಿಕೆ ಓದುವ ಮಕ್ಕಳು ಇದರ ಮೇಲೆ ಪ್ರಯೋಗ ಮಾಡುವುದೂ ಉಂಟು. ಮೂರು ಬಗೆಯ ಉಪಚಾರ ಕೊಟ್ಟು ಕಾಯಿ ಎಣಿಸುವವರೆಗೆ ಎಲ್ಲ ಸರಿ ಹೋಗುತ್ತದೆ. ಲೆಕ್ಕಕ್ಕೆ ಕೂತಾಗ ತಕರಾರು ಶುರು: ಗುಂಪುಗಳ ಸರಾಸರಿ ಹೋಲಿಸುವ ಏಕ-ಮಾರ್ಗ ಅನೋವಾ ಹಾಕಬೇಕೋ, ಅಂಕಿಗಳ ರ‍್ಯಾಂಕ್ ಹೋಲಿಸುವ ಕ್ರಸ್ಕಲ್-ವಾಲಿಸ್ ಹಾಕಬೇಕೋ?

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಅಂಕಿಗಳನ್ನು ಲೆಕ್ಕ ತೋರಿಸಲೆಂದು ನಾನೇ ಜೋಡಿಸಿದ್ದೇನೆ. ಹುನಗುಂದದ ಕಡೆಯ ಒಂದು ತೋಟದಲ್ಲಿ 18 ಗಿಡಗಳು. ಚೀಟಿ ಎತ್ತಿ ಆರಾರು ಗಿಡಗಳ ಮೂರು ಗುಂಪು ಮಾಡಿದ್ದೇವೆ. ಮೊದಲ ಗುಂಪಿಗೆ ಬರೀ ನೀರು, ಎರಡನೆಯದಕ್ಕೆ ಬೋರ್ಡೋ ದ್ರಾವಣ, ಮೂರನೆಯದಕ್ಕೆ ರೋಗದ ಟೊಂಗೆ ಕತ್ತರಿಸಿ ಬೋರ್ಡೋ ದ್ರಾವಣ. ಕೊನೆಗೆ ಪ್ರತಿ ಗಿಡದಲ್ಲಿ ಚುಕ್ಕೆ ಬಿದ್ದ ಕಾಯಿಗಳನ್ನು ಎಣಿಸಿದೆವು:

ನೀರು: 11, 12, 13, 14, 16, 48
ಬೋರ್ಡೋ: 5, 7, 8, 9, 10, 15
ಕತ್ತರಿಸಿ ಬೋರ್ಡೋ: 1, 2, 3, 4, 6, 20

ಪರೀಕ್ಷೆ ಆರಿಸುವ ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಇಲ್ಲಿ ಒಂದು ಗಿಡಕ್ಕೆ ಒಂದೇ ಅಂಕಿ. ಒಂದೊಂದು ಗಿಡದ ಹತ್ತು ಟೊಂಗೆಗಳನ್ನು ಬೇರೆ ಬೇರೆ ಎಣಿಸಿ 180 ಸಾಲು ಮಾಡಿಕೊಂಡರೆ ಎರಡೂ ಪರೀಕ್ಷೆ ಸುಳ್ಳು ಹೇಳುತ್ತವೆ. ಒಂದೇ ಗಿಡದ ಟೊಂಗೆಗಳು ಒಂದನ್ನೊಂದು ಹೋಲುತ್ತವೆ, ಅಲ್ವಾ? ತೋಟವನ್ನು ಬ್ಲಾಕ್ ಮಾಡಿ, ಪ್ರತಿ ಬ್ಲಾಕಿನಲ್ಲೂ ಮೂರೂ ಉಪಚಾರ ಕೊಟ್ಟಿದ್ದರೆ ಆ ಬ್ಲಾಕನ್ನು ಲೆಕ್ಕಕ್ಕೆ ತರುವ ವಿಧಾನವೇ ಬೇರೆ. ಆಗ ಈ ಎರಡೂ ಹೊಂದುವುದಿಲ್ಲ.

ಈಗ ಅಂಕಿಗಳನ್ನು ನೋಡುವ ಹೆಜ್ಜೆ. ಜಾಸ್ತಿ ಜನ ಎಡವುವುದು ಇಲ್ಲೇ. 18 ಅಂಕಿಗಳನ್ನೂ ಒಂದೇ ಸಾಲಿನಲ್ಲಿ ಸುರಿದು, ಶಪಿರೋ-ವಿಲ್ಕ್ ಪರೀಕ್ಷೆ ಮಾಡಿ, 'ನಾರ್ಮಲ್ ಇಲ್ಲ, ಹಾಗಾಗಿ ಕ್ರಸ್ಕಲ್-ವಾಲಿಸ್' ಎಂದು ಬರೆದುಬಿಡುತ್ತಾರೆ. ಉಪಚಾರ ನಿಜವಾಗಿ ಕೆಲಸ ಮಾಡಿದ್ದರೆ ಮೂರು ಗುಂಪು ಮೂರು ಕಡೆ ಕೂತಿರುತ್ತವೆ. ಒಟ್ಟಿಗೆ ಸುರಿದ ಸಾಲು ನಾರ್ಮಲ್ ಆಗಿ ಕಾಣದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅನೋವಾ ಕೇಳುವುದು ಉಳಿಕೆಗಳು ಹೇಗಿವೆ ಎಂದು. ಉಳಿಕೆ ಎಂದರೆ ಪ್ರತಿ ಅಂಕಿಯಿಂದ ಅದರ ಗುಂಪಿನ ಸರಾಸರಿ ಕಳೆದಾಗ ಸಿಗುವುದು.

ನೀರಿನ ಗುಂಪಿನ ಸರಾಸರಿ 19. ಐದು ಗಿಡಗಳ ಉಳಿಕೆ -8, -7, -6, -5, -3. ಆರನೆಯದರದ್ದು +29. ಆರರಲ್ಲಿ ಐದು ಗಿಡ ಸರಾಸರಿಗಿಂತ ಕೆಳಗೆ! ಅಂದರೆ ಆ 19 ಯಾವ ಗಿಡದ ಸ್ಥಿತಿಯನ್ನೂ ಹೇಳುತ್ತಿಲ್ಲ. ಮೂರನೇ ಗುಂಪಿನಲ್ಲೂ 20 ಕಾಯಿಯ ಗಿಡ ಹೀಗೇ ದೂರ ನಿಂತಿದೆ. ಗುಂಪಿಗೆ ಆರೇ ಗಿಡ ಇದ್ದಾಗ ಶಪಿರೋ-ವಿಲ್ಕ್‌ಗೆ ಅಷ್ಟಾಗಿ ಕಣ್ಣು ಕಾಣುವುದಿಲ್ಲ. ಗುಂಪಿಗೆ ನೂರಾರು ಇದ್ದರೆ ಅದು ಲೆಕ್ಕಕ್ಕೆ ಬಾರದ ಸಣ್ಣ ಕೊರತೆಗೂ ಕೂಗೆಬ್ಬಿಸುತ್ತದೆ. ಅದರ ಬದಲು ಉಳಿಕೆಗಳ ಕ್ಯೂ-ಕ್ಯೂ ಚಿತ್ರ ತೆಗೆದು ನೋಡಿ. ಚುಕ್ಕೆಗಳು ಗೆರೆಯ ಆಸುಪಾಸಿನಲ್ಲಿದ್ದರೆ ಅನೋವಾ ನಡೆಯುತ್ತದೆ. ಒಂದೆರಡು ಚುಕ್ಕೆ ಗೆರೆ ಬಿಟ್ಟು ಮೇಲಕ್ಕೆ ಹಾರಿದ್ದರೆ ಯೋಚಿಸಬೇಕು.

ಹಾಗೆ ಹಾರಿದ ಅಂಕಿ ಸಿಕ್ಕರೆ ಮೊದಲು ನೋಟ್‌ಬುಕ್ ತೆಗೆಯಿರಿ. 18 ಬರೆಯುವಲ್ಲಿ 48 ಆಗಿದೆಯೇ? ಬರಹ ಸರಿಯಿದ್ದರೆ ಆ ಗಿಡವನ್ನು ಸುಮ್ನೆ ಕಿತ್ತು ಹಾಕುವ ಹಕ್ಕು ನಮಗಿಲ್ಲ. ರೋಗ ಹೀಗೇ ಗುಂಪುಗಟ್ಟಿ ಬೀಳುತ್ತದೆ.

ಇನ್ನು ಎರಡೂ ಲೆಕ್ಕ ಮಾಡೋಣ. ಅನೋವಾದಲ್ಲಿ ಗುಂಪುಗಳ ನಡುವಿನ ವರ್ಗಮೊತ್ತ 556, ಗುಂಪುಗಳ ಒಳಗಿನದು 1332. ಎಫ್ ಬೆಲೆ 3.13, ಪಿ ಬೆಲೆ 0.073. ಶೇ 5ರ ಮಟ್ಟದಲ್ಲಿ ವ್ಯತ್ಯಾಸ ಸಿಗಲಿಲ್ಲ. ಆ 1332ರಲ್ಲಿ 841 ಒಂದೇ ಗಿಡದ್ದು, 29ರ ವರ್ಗ. ಆ ಗಿಡ ತನ್ನ ಗುಂಪಿನ ಸರಾಸರಿಯನ್ನೂ ಮೇಲೆತ್ತಿತು, ಒಳಗಿನ ಹರಡನ್ನೂ ಉಬ್ಬಿಸಿತು. ಎರಡನೆಯದರ ಭಾರ ಜಾಸ್ತಿಯಾಯಿತು.

ಕ್ರಸ್ಕಲ್-ವಾಲಿಸ್ 1952ರಲ್ಲಿ ಬಂದ ವಿಧಾನ. 18 ಅಂಕಿಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ 1ರಿಂದ 18ರವರೆಗೆ ರ‍್ಯಾಂಕ್ ಕೊಡುತ್ತದೆ. ಸಮ ಅಂಕಿ ಬಂದರೆ ರ‍್ಯಾಂಕ್‌ಗಳ ಸರಾಸರಿ ಹಂಚುತ್ತದೆ. ನಮ್ಮಲ್ಲಿ ರ‍್ಯಾಂಕ್ ಮೊತ್ತ ನೀರಿಗೆ 84, ಬೋರ್ಡೋಗೆ 54, ಮೂರನೆಯದಕ್ಕೆ 33. ಸೂತ್ರಕ್ಕೆ ಹಾಕಿದರೆ ಎಚ್ ಬೆಲೆ 7.68, ಪಿ ಬೆಲೆ 0.021. ವ್ಯತ್ಯಾಸ ಕಂಡಿತು. 48 ಇಲ್ಲಿ ಬರೀ 18ನೇ ರ‍್ಯಾಂಕ್. ಅದು 480 ಆಗಿದ್ದರೂ ಉತ್ತರ ಒಂದಿಷ್ಟೂ ಬದಲಾಗುತ್ತಿರಲಿಲ್ಲ.

ಆರ್ ಬಳಸುವವರಿಗೆ ಇಷ್ಟು ಸಾಕು:

```
m <- aov(kayi ~ gumpu, data = d)
qqnorm(resid(m)); qqline(resid(m))
summary(m)
kruskal.test(kayi ~ gumpu, data = d)
oneway.test(kayi ~ gumpu, data = d)
```

ಕೊನೆಯ ಸಾಲು ವೆಲ್ಚ್ ಅನೋವಾ. ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಉಳಿಕೆಗಳು ನೆಟ್ಟಗಿವೆ, ಆದರೆ ಒಂದು ಗುಂಪಿನ ಹರಡು ಇನ್ನೊಂದರ ಎರಡು ಮೂರು ಪಟ್ಟು ಇದೆ ಎಂದುಕೊಳ್ಳಿ. ಆಗ ಬೇಕಾದದ್ದು ವೆಲ್ಚ್. ರ‍್ಯಾಂಕ್ ಪರೀಕ್ಷೆಗೆ ಹರಡಿನ ಗೊಡವೆ ಇಲ್ಲ ಎಂಬ ನಂಬಿಕೆ ತಪ್ಪು. ಗುಂಪುಗಳ ಆಕಾರ ಹೆಚ್ಚುಕಡಿಮೆ ಒಂದೇ ಇದ್ದರೆ ಮಾತ್ರ ಅದರ ಉತ್ತರವನ್ನು 'ಮಧ್ಯಾಂಕಗಳಲ್ಲಿ ವ್ಯತ್ಯಾಸವಿದೆ' ಎಂದು ಓದಬಹುದು. ಇಲ್ಲದಿದ್ದರೆ 'ಒಂದು ಗುಂಪಿನ ಅಂಕಿಗಳು ಇನ್ನೊಂದರವುಗಳಿಗಿಂತ ದೊಡ್ಡದಿರುವುದೇ ಹೆಚ್ಚು' ಎಂದಷ್ಟೇ ಹೇಳಬೇಕು. ನಮ್ಮ ತೋಟದಲ್ಲೂ ನೀರಿನ ಗುಂಪಿನ ಹರಡು ದೊಡ್ಡದಾಗಿ ಕಾಣುತ್ತದೆ. ಆದರೆ ಅದು ಬಂದಿರುವುದು ಒಂದೇ ಗಿಡದಿಂದ, ಉಳಿದ ಐದು 11ರಿಂದ 16ರೊಳಗೇ ಇವೆ. ಇಂಥ ಕಡೆ ರ‍್ಯಾಂಕ್ ಪರೀಕ್ಷೆಯೇ ಹೊಂದುತ್ತದೆ.

ಹಾಗಂತ ಅನೋವಾ ಯಾವಾಗಲೂ ಸೋಲುತ್ತದೆ ಎಂದಲ್ಲ. ಉಳಿಕೆಗಳು ಸರಿಯಿದ್ದಾಗ ಸಣ್ಣ ವ್ಯತ್ಯಾಸ ಹಿಡಿಯುವುದರಲ್ಲಿ ಅನೋವಾ ತುಸು ಮುಂದು. ಜೊತೆಗೆ ಪ್ರಶ್ನೆ ಯಾವುದು ಎಂಬುದೂ ಮುಖ್ಯ. 'ಎಕರೆಗೆ ಒಟ್ಟು ಎಷ್ಟು ಕಾಯಿ ಹಾಳಾಯಿತು' ಎಂಬುದು ರೈತನ ಪ್ರಶ್ನೆಯಾದರೆ ಸರಾಸರಿಯನ್ನು ಬಿಡುವಂತಿಲ್ಲ. 48 ಕಾಯಿ ಹಾಳಾದ ಗಿಡ ಅವನ ಜೇಬಿಗೆ ನಿಜವಾಗಿಯೂ 48 ಕಾಯಿಯ ನಷ್ಟ ತಂದಿದೆ. 'ಸಾಮಾನ್ಯವಾಗಿ ಒಂದು ಗಿಡಕ್ಕೆ ಯಾವ ಉಪಚಾರ ಒಳ್ಳೆಯದು' ಎಂಬ ಪ್ರಶ್ನೆಗೆ ರ‍್ಯಾಂಕ್ ಸರಿಯಾದ ಉತ್ತರ ಕೊಡುತ್ತದೆ. ಅದಕ್ಕೇ ಯಾವ ಪರೀಕ್ಷೆ, ಏಕೆ ಎಂದು ಕಾಯಿ ಎಣಿಸುವ ಮೊದಲೇ ಬರೆದಿಡಿ. ಎರಡೂ ಮಾಡಿ, ಪಿ ಬೆಲೆ ಚಿಕ್ಕದಿರುವುದನ್ನು ಆರಿಸಿಕೊಂಡರೆ ಶೇ 5 ಎಂಬ ಮಿತಿಗೆ ಅರ್ಥವೇ ಉಳಿಯುವುದಿಲ್ಲ. ಗುಂಪಿಗೆ ಮೂರು ನಾಲ್ಕೇ ಗಿಡ ಇದ್ದರೆ ಎಚ್ ಬೆಲೆಯನ್ನು ಕೈ-ವರ್ಗದ ಅಂದಾಜಿನ ಬದಲು ನಿಖರ ಕೋಷ್ಟಕದಲ್ಲಿ ನೋಡಿ.

ಕೊನೆಯ ಹೆಜ್ಜೆ, ಯಾವುದು ಯಾವುದಕ್ಕಿಂತ ಬೇರೆ ಎಂದು ಕಂಡುಕೊಳ್ಳುವುದು. ಅನೋವಾದ ಬೆನ್ನಿಗೆ ಟ್ಯೂಕಿ, ಕ್ರಸ್ಕಲ್-ವಾಲಿಸ್ ಬೆನ್ನಿಗೆ ಡನ್ ಪರೀಕ್ಷೆ. ಡನ್ ಪರೀಕ್ಷೆಗೆ ಹೋಲ್ಮ್ ತಿದ್ದುಪಡಿ ಸೇರಿಸಿದರೆ ನಮ್ಮಲ್ಲಿ ನೀರು ಮತ್ತು ಮೂರನೇ ಗುಂಪಿನ ನಡುವೆ ಪಿ ಬೆಲೆ 0.017. ನೀರು ಮತ್ತು ಬರೀ ಬೋರ್ಡೋ ನಡುವೆ 0.21. ಹಾಗಾಗಿ ವರದಿಯಲ್ಲಿ 'ಟೊಂಗೆ ಕತ್ತರಿಸಿ ಬೋರ್ಡೋ ಸಿಂಪಡಿಸಿದ ಗಿಡಗಳಲ್ಲಿ, ಬರೀ ನೀರಿನ ಗಿಡಗಳಿಗಿಂತ ರೋಗದ ಕಾಯಿ ಕಡಿಮೆ, ಮಧ್ಯಾಂಕ 3.5 ಮತ್ತು 13.5' ಎಂದು ಬರೆಯಬಹುದು. ಬರೀ ಬೋರ್ಡೋ ಸಾಕೇ, ಕತ್ತರಿಯೂ ಬೇಕೇ ಎಂಬುದನ್ನು ಈ 18 ಗಿಡಗಳಿಂದ ಹೇಳಲಾಗದು. ಅದಕ್ಕೆ ಇನ್ನಷ್ಟು ಗಿಡ ಬೇಕು.