ಕಂಪ್ರೆಸರ್ ಹೋಗಿದೆ ಅಂದ್ರಾ? ಫ್ರಿಜ್ ಬಿಸಾಡುವ ಮೊದಲು ಇಷ್ಟು ನೋಡಿ

ಮೆಕ್ಯಾನಿಕ್ ಬರುತ್ತಾರೆ, ಫ್ರಿಜ್ ಹಿಂದೆ ಬಗ್ಗಿ ಕಿವಿಗೊಡುತ್ತಾರೆ, ‘ಕಂಪ್ರೆಸರ್ ಹೋಗಿದೆ’ ಎಂದು ಚೀಟಿಯಲ್ಲಿ ಮೊತ್ತ ಬರೆದು ಕೊಡುತ್ತಾರೆ. ಎಲ್ಲ ಸೇರಿ ಐದು ನಿಮಿಷ. ಅಷ್ಟನ್ನೇ ನಂಬಿ ಒಳ್ಳೆಯ ಫ್ರಿಜ್ಜನ್ನು ಗುಜರಿಗೆ ಹಾಕಿದವರನ್ನು ನೋಡಿದ್ದೇನೆ. ಅಷ್ಟನ್ನೇ ನಂಬಿ ಕಂಪ್ರೆಸರ್ ಬದಲಿಸಿ, ಆರು ತಿಂಗಳಲ್ಲಿ ಮತ್ತೆ ಅದೇ ಮೆಕ್ಯಾನಿಕ್‌ಗೆ ಫೋನ್ ಮಾಡಿದವರನ್ನೂ ನೋಡಿದ್ದೇನೆ.

ಮೊದಲು ಬಿಲ್ ಹುಡುಕಿ. ಕೆಲವು ಕಂಪನಿಗಳು ಕಂಪ್ರೆಸರ್‌ಗೆ ಮಾತ್ರ ಹತ್ತು ವರ್ಷದ ವಾರಂಟಿ ಕೊಡುತ್ತವೆ. ಹತ್ತು ತುಂಬಲು ಒಂದು ವಾರ ಬಾಕಿ ಇದ್ದರೂ ಲೆಕ್ಕವೇ ಬೇರೆ. ಗ್ಯಾಸ್ ಮತ್ತು ಕೂಲಿ ಮಾತ್ರ ಸಾಮಾನ್ಯವಾಗಿ ನಿಮ್ಮದೇ.

ನಿಜಕ್ಕೂ ಕಂಪ್ರೆಸರ್ ಹೋಗಿದೆಯಾ? ಜನ ಎಡವುವುದು ಇಲ್ಲೇ.

ಅಕ್ಕನ ಮನೆಯ ಫ್ರಿಜ್ ಹೀಗೆ ಮಾಡುತ್ತಿತ್ತು: ಐದಾರು ಸೆಕೆಂಡ್ ‘ಗುಂಯ್’ ಎನ್ನುವುದು, ‘ಟಕ್’ ಎಂದು ನಿಲ್ಲುವುದು, ಕೆಲವು ನಿಮಿಷ ಮೌನ, ಮತ್ತೆ ಗುಂಯ್, ಮತ್ತೆ ಟಕ್. ಕಂಪ್ರೆಸರ್ ಏಳಲು ಹೆಣಗುತ್ತಿದೆ, ಏಳಲಾಗುತ್ತಿಲ್ಲ, ಜಾಸ್ತಿ ಕರೆಂಟ್ ಎಳೆಯುವುದನ್ನು ಕಂಡು ಓವರ್‌ಲೋಡ್ ಅದನ್ನು ಕಟ್ ಮಾಡುತ್ತಿದೆ ಎಂದರ್ಥ. ಆದರೆ ಏಳಲಾಗದ್ದಕ್ಕೆ ಕಾರಣ ಕಂಪ್ರೆಸರೇ ಆಗಿರಬೇಕಿಲ್ಲ. ಅದರ ಪಕ್ಕಕ್ಕೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ಗಾತ್ರದ, ಅದನ್ನು ಸ್ಟಾರ್ಟ್ ಮಾಡಿಸುವ ರಿಲೇ ಹಾಳಾದರೂ ಇದೇ ಸದ್ದು. ಕೆಪಾಸಿಟರ್ ಸತ್ತರೂ ಇದೇ. ಪ್ಲಗ್ಗಿನಲ್ಲಿ ವೋಲ್ಟೇಜ್ ಬಿದ್ದುಹೋದರೂ ಇದೇ.

ಎರಡನೇ ಮೆಕ್ಯಾನಿಕ್ ಬಂದವರು ಪ್ಲಗ್ ಕಿತ್ತು, ರಿಲೇ ಎಳೆದು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿದರು. ಗಿಲಕಿಯ ಸದ್ದು ಬಂತು. ಒಳಗಿನ ಬಿಲ್ಲೆ ಪುಡಿಯಾಗಿತ್ತು. ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. ನೀವೂ ನಿಲ್ಲಿಸಲು ಬಿಡಬೇಡಿ. ರಿಲೇ ತೆಗೆದ ಜಾಗದಲ್ಲಿ ಕಂಪ್ರೆಸರ್‌ನ ಮೂರು ಪಿನ್‌ಗಳು ಕಾಣುತ್ತವೆ: ಕಾಮನ್, ಸ್ಟಾರ್ಟ್, ರನ್. ಮಲ್ಟಿಮೀಟರಿನಲ್ಲಿ ಎರಡೆರಡು ಪಿನ್ ನಡುವೆ ಓಮ್ ಅಳೆಯಬೇಕು. ಅಕ್ಕನ ಫ್ರಿಜ್ಜಿನಲ್ಲಿ ಕಾಮನ್–ರನ್ 12, ಕಾಮನ್–ಸ್ಟಾರ್ಟ್ 20, ಸ್ಟಾರ್ಟ್–ರನ್ 32 ಬಂತು. ಹನ್ನೆರಡಕ್ಕೆ ಇಪ್ಪತ್ತು ಕೂಡಿಸಿದರೆ ಮೂವತ್ತೆರಡು. ಸಣ್ಣ ಎರಡು ಅಂಕಿಗಳ ಮೊತ್ತ ದೊಡ್ಡದಕ್ಕೆ ಹೊಂದಿದರೆ ಒಳಗಿನ ಮೋಟಾರಿನ ತಂತಿ ಸುರುಳಿ ಎಲ್ಲೂ ತುಂಡಾಗಿಲ್ಲ ಎಂದು ತಿಳಿಯಬಹುದು. ಮಾಡೆಲ್ ಬದಲಾದರೆ ಅಂಕಿಯೂ ಬದಲಾಗುತ್ತದೆ, ಕೂಡಿಕೆ ಮಾತ್ರ ಬದಲಾಗುವುದಿಲ್ಲ.

ಆಮೇಲೆ ಒಂದೊಂದು ಪಿನ್‌ಗೂ ಕಂಪ್ರೆಸರ್‌ನ ಮೈಗೂ ನಡುವೆ ಅಳೆಯಬೇಕು. ಬಣ್ಣ ಕೆರೆದ ಜಾಗದಲ್ಲೇ ಮೀಟರಿನ ಮೊನೆ ಇಡಬೇಕು, ಬಣ್ಣದ ಮೇಲಿಟ್ಟರೆ ಸುಳ್ಳು ಹೇಳುತ್ತದೆ. ಇಲ್ಲಿ ಮೀಟರ್ ಏನೂ ತೋರಿಸಬಾರದು. ಕೆಲವೇ ಓಮ್ ತೋರಿಸಿದರೆ ಸುರುಳಿ ಸುಟ್ಟು ಮೈಗೆ ತಗಲಿದೆ. ಆಗ ವಾದವೇ ಬೇಡ, ಕಂಪ್ರೆಸರ್ ಹೋಗಿದೆ.

ಒಂದು ಮೋಸದ ಸಂದರ್ಭವಿದೆ. ಸ್ಟಾರ್ಟ್–ರನ್ ನಡುವೆ ಓಮ್ ಬರುತ್ತದೆ, ಆದರೆ ಕಾಮನ್‌ನಿಂದ ಎರಡಕ್ಕೂ ಏನೂ ಬರುವುದಿಲ್ಲ. ‘ನೋಡಿ, ತುಂಡಾಗಿದೆ’ ಎಂದುಬಿಡುತ್ತಾರೆ. ಕೆಲವು ಕಂಪ್ರೆಸರ್‌ಗಳಲ್ಲಿ ಓವರ್‌ಲೋಡ್ ಒಳಗೇ ಇರುತ್ತದೆ, ಬಿಸಿಯಾದಾಗ ತೆರೆದುಕೊಳ್ಳುತ್ತದೆ. ಮೂರ್ನಾಲ್ಕು ಗಂಟೆ ತಣ್ಣಗಾಗಲು ಬಿಟ್ಟು ಮತ್ತೆ ಅಳೆಯಿರಿ. ಎಷ್ಟೋ ಸಲ ಅಂಕಿ ವಾಪಸ್ ಬರುತ್ತದೆ.

ಅಂಕಿಗಳೆಲ್ಲ ಸರಿ, ಹೊಸ ರಿಲೇ, ಸರಿಯಿರುವ ಕೆಪಾಸಿಟರ್, ಸರಿಯಾದ ವೋಲ್ಟೇಜ್, ಆದರೂ ಗುಂಯ್–ಟಕ್ ನಿಲ್ಲದಿದ್ದರೆ ಒಳಗಿನ ಪಿಸ್ಟನ್ ಬಿಗಿದುಕೊಂಡಿದೆ. ಆಗಲೂ ಕಂಪ್ರೆಸರ್ ಹೋದ ಹಾಗೆಯೇ. ‘ಎಲ್ಲ ಫ್ರಿಜ್ಜಿಗೂ ಆಗುತ್ತೆ’ ಎಂದು ಮಾರುವ ಸ್ಟಾರ್ಟಿಂಗ್ ಕಿಟ್ ಸಿಕ್ಕಿಸಿದರೆ ಜೋರಾಗಿ ತಳ್ಳಿ ಎಬ್ಬಿಸುತ್ತದೆ. ಕೆಲವು ವಾರ ಓಡುತ್ತದೆ, ಅಷ್ಟೆ. ಅದಕ್ಕೆ ದುಡ್ಡು ಕೊಡಬೇಡಿ.

ಇವೆಲ್ಲ ಸಾಮಾನ್ಯ ಕಂಪ್ರೆಸರ್‌ನ ಮಾತು. ಇನ್ವರ್ಟರ್ ಕಂಪ್ರೆಸರ್ ಆದರೆ ಮೂರೂ ಅಳತೆ ಹೆಚ್ಚುಕಡಿಮೆ ಒಂದೇ ಬರಬೇಕು. ಬಂದರೆ ಅದನ್ನು ಓಡಿಸುವ ಎಲೆಕ್ಟ್ರಾನಿಕ್ ಬೋರ್ಡ್ ಮೇಲೆ ಅನುಮಾನಪಡಿ. ಆ ಬೋರ್ಡನ್ನು ಮನೆಯಲ್ಲಿ ಮುಟ್ಟಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಶಾಕ್ ಹೊಡೆಯುತ್ತದೆ.

ಕಂಪ್ರೆಸರ್ ಓಡುತ್ತಲೇ ಇದೆ, ಬರೀ ತಂಪಾಗುತ್ತಿಲ್ಲ ಅಂದರೆ ಅದು ಬೇರೆಯೇ ಕಥೆ. ಗ್ಯಾಸ್ ಸೋರಿದೆಯಾ, ಗ್ಯಾಸ್ ಹರಿಯುವ ಸಪೂರ ಪೈಪ್ ಕ್ಯಾಪಿಲರಿ ಕಟ್ಟಿದೆಯಾ, ಒಳಗಿನ ಫ್ಯಾನ್ ನಿಂತಿದೆಯಾ ಎಂದು ಮೊದಲು ಕೇಳಿ.

ಈಗ ಚೀಟಿ ಓದಿ. ಕಂಪ್ರೆಸರ್ ಹೋಗಿರುವುದು ಖಚಿತವಾದರೆ, ಮೊತ್ತಕ್ಕಿಂತ ಮುಖ್ಯವಾದದ್ದು ಅದರಲ್ಲಿ ಏನೇನು ಸೇರಿದೆ ಎಂಬುದು. ಪೈಪ್ ಬಿಚ್ಚಿದ ಮೇಲೆ ತೇವ ಹೀರುವ ಫಿಲ್ಟರ್ ಡ್ರೈಯರ್ ಹೊಸದು ಹಾಕಲೇಬೇಕು. ವ್ಯಾಕ್ಯೂಮ್ ಪಂಪ್ ಕಟ್ಟಿ ಅರ್ಧ ಗಂಟೆಯಾದರೂ ಗಾಳಿ, ತೇವ ಎಳೆಯಬೇಕು. ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಎಷ್ಟು ಗ್ರಾಂ, ಯಾವ ಗ್ಯಾಸ್ ಎಂದು ಫ್ರಿಜ್ಜಿನ ಸ್ಟಿಕ್ಕರ್ ಮೇಲೇ ಬರೆದಿರುತ್ತದೆ. ಆರ್ 600ಎ ಆದರೆ ಐವತ್ತು ಗ್ರಾಂ ಆಸುಪಾಸು ಮಾತ್ರ ಹಿಡಿಯುವ ಫ್ರಿಜ್‌ಗಳು ಬಹಳ. ಅದರಲ್ಲಿ ಹತ್ತು ಗ್ರಾಂ ಹೆಚ್ಚುಕಡಿಮೆ ಆದರೂ ತಂಪು ಕೆಡುತ್ತದೆ. ‘ಕೈ ಅಂದಾಜಿಗೆ ಹಾಕ್ತೀನಿ’ ಎನ್ನುವವರಿಗೆ ನಾನಂತೂ ಕೆಲಸ ಕೊಡುವುದಿಲ್ಲ. ಮೇಲಾಗಿ ಆ ಗ್ಯಾಸ್ ಉರಿಯುವಂಥದ್ದು. ಪೈಪಿನಲ್ಲಿ ಅದು ಇರುವಾಗಲೇ ಬೆಂಕಿ ಹಿಡಿದು ಬೆಸುಗೆ ಹಾಕಲು ಹೊರಟರೆ ತಕ್ಷಣ ನಿಲ್ಲಿಸಿ.

ಹಳೆಯ ಕಂಪ್ರೆಸರ್ ಬಿಚ್ಚಿದಾಗ ಎಣ್ಣೆಯ ಹನಿ ನೋಡಿ. ತಿಳಿಯಾಗಿದ್ದರೆ ಮುಂದುವರಿಯಬಹುದು. ಕಪ್ಪಾಗಿ, ಮೂಗಿಗೆ ಚುಚ್ಚುವ ಸುಟ್ಟ ವಾಸನೆ ಇದ್ದರೆ ಒಳಗೆ ಆಮ್ಲ ಹುಟ್ಟಿ ಪೈಪ್ ತುಂಬಾ ಹರಡಿದೆ. ಪೂರ್ತಿ ತೊಳೆಯದೆ ಕೂರಿಸಿದ ಹೊಸ ಕಂಪ್ರೆಸರನ್ನೂ ಅದು ತಿನ್ನುತ್ತದೆ. ಹತ್ತು ವರ್ಷದ ಫ್ರಿಜ್ಜಿನಲ್ಲಿ ಹೀಗಾದರೆ ನನ್ನ ಮಟ್ಟಿಗೆ ಆಟ ಮುಗಿದಂತೆ.

ಕೊನೆಗೆ ಲೆಕ್ಕ. ‘ಹೊಸದರ ಅರ್ಧ ಬೆಲೆಗಿಂತ ಕಡಿಮೆಯಾದರೆ ರಿಪೇರಿ’ ಎಂದು ಎಲ್ಲರೂ ಹೇಳುತ್ತಾರೆ. ಅದು ಐದು ವರ್ಷದ ಫ್ರಿಜ್ಜಿಗೆ ಸರಿ, ಹತ್ತು ವರ್ಷದ್ದಕ್ಕೆ ಅಲ್ಲ. ವರ್ಷದ ಲೆಕ್ಕ ಹಾಕಿ. ಅಷ್ಟೇ ದೊಡ್ಡ ಹೊಸ ಫ್ರಿಜ್ಜಿನ ಬೆಲೆ 100 ಎಂದಿಟ್ಟುಕೊಳ್ಳಿ. ಹನ್ನೆರಡು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು 8 ಬಿತ್ತು. ರಿಪೇರಿಗೆ 40 ಕೇಳಿದ್ದಾರೆ, ಹಳೆಯದು ಇನ್ನು ನಾಲ್ಕು ವರ್ಷ ಓಡಬಹುದು ಅಂದರೆ ವರ್ಷಕ್ಕೆ 10. ಅರ್ಧಕ್ಕಿಂತ ಕಡಿಮೆ ಇದ್ದೂ ನಷ್ಟ! ಅದೇ ರಿಪೇರಿ 20ಕ್ಕೆ ಮುಗಿದರೆ ವರ್ಷಕ್ಕೆ 5, ಧಾರಾಳವಾಗಿ ಮಾಡಿಸಿ.

ನಾಲ್ಕು ವರ್ಷ ಓಡುತ್ತದೋ ಇಲ್ಲವೋ ಎಂಬುದನ್ನು ಉಳಿದ ಭಾಗಗಳು ಹೇಳುತ್ತವೆ. ಬಾಗಿಲ ಸಂದಿಗೆ ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಸಡಿಲವಾಗಿದೆ, ಅದನ್ನು ಬದಲಿಸಬಹುದು. ಚೆನ್ನಾಗಿ ಓಡುತ್ತಿದ್ದ ದಿನಗಳಲ್ಲೇ ಹೊರಮೈ ಒಂದೇ ಜಾಗದಲ್ಲಿ ಬೆವರುತ್ತಿತ್ತು ಎಂದರೆ ಒಳಗಿನ ಫೋಮ್ ಅಲ್ಲಿ ತೇವ ಹಿಡಿದಿರುತ್ತದೆ. ಅದಕ್ಕೆ ರಿಪೇರಿ ಇಲ್ಲ, ಎರಡು ವರ್ಷ ಎಂದೇ ಲೆಕ್ಕ ಹಾಕಿ.

ಅಕ್ಕನ ಫ್ರಿಜ್ ಹೊಸ ರಿಲೇಗೆ ಎದ್ದು ನಿಂತಿತು. ಮೆಕ್ಯಾನಿಕ್ ಹೊರಡುವ ಮೊದಲು ಒಂದು ಟೇಪಿನ ತುಂಡಿನ ಮೇಲೆ ‘12, 20, 32’ ಎಂದು ಬರೆದು, ತಾರೀಕು ಹಾಕಿ, ಕಂಪ್ರೆಸರ್ ಮೇಲ್ಗಡೆ ಅಂಟಿಸಿದರು. ಮುಂದಿನ ಸಲ ಯಾರು ಬಂದರೂ ಮೀಟರ್ ಇಟ್ಟು ಅದಕ್ಕೆ ತಾಳೆ ನೋಡಿಯೇ ಮಾತಾಡಬೇಕು.