ತೊಗರಿ ಕೈಪಿಡಿ ಮತ್ತು ಯಂತ್ರದ ಕನ್ನಡ: ನನ್ನ ಅನುಭವ

ಕಲಬುರಗಿಯಲ್ಲಿ ಕರಡು ತಿದ್ದುವ ಕೆಲಸ ಮಾಡುವ ನನ್ನ ಮೇಜಿಗೆ ಕತೆ ಕವಿತೆಗಳಿಗಿಂತ ಕೃಷಿ, ಆರೋಗ್ಯ ಮತ್ತು ಸ್ವಸಹಾಯ ಸಂಘಗಳ ಕೈಪಿಡಿಗಳೇ ಹೆಚ್ಚಾಗಿ ಬರುತ್ತವೆ. ಇವುಗಳಲ್ಲಿ ಯಾವುದನ್ನು ಕನ್ನಡದಲ್ಲಿಯೇ ಬರೆದಿದ್ದಾರೆ, ಯಾವುದನ್ನು ಇಂಗ್ಲಿಷಿನಿಂದ ಯಂತ್ರದ ಮೂಲಕ ಇಳಿಸಿ ಒಪ್ಪಿಸಿದ್ದಾರೆ ಎಂಬುದನ್ನು ಪುರಾವೆ ಸಹಿತ ಹೇಳಬಹುದು ಎಂದಾಗ ಜೊತೆಗಾರರು ಒಪ್ಪಲಿಲ್ಲ. "ಈಗಿನ ಯಂತ್ರ ನಮಗಿಂತ ಛಲೋ ಬರೀತದ್ರಿ ಸರ್, ಹ್ಯಾಂಗ್ ಹಿಡೀತೀರಿ?" ಎಂದು ಅವರಲ್ಲೊಬ್ಬರು ಕೇಳಿದ್ದರು. ಈಗ ಅದೇ ಮಹನೀಯರು ಅನುಮಾನ ಬಂದ ಕಡತಗಳನ್ನು ನನಗೆ ಕಳಿಸುತ್ತಾರೆ. ಆದ್ದರಿಂದ ನಾನು ಮಾಡುವ ಕ್ರಮವನ್ನು ಬರೆದಿಡುವ ಹೊತ್ತು ಬಂದಿದೆ ಎಂದುಕೊಂಡೆ.

ಅವರ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಪದಗಳು ದಿಕ್ಕಾಪಾಲಾಗಿ ಬೀಳುತ್ತಿದ್ದುದರಿಂದ ಶಾಲೆಯ ಮಕ್ಕಳೂ ಗುರುತಿಸಬಹುದಿತ್ತು. 2017ರಲ್ಲಿ ಅದು ನರಜಾಲ ಪದ್ಧತಿಗೆ ಬದಲಾದ ಮೇಲೆ ಕ್ರಿಯಾಪದ ವಾಕ್ಯದ ಕೊನೆಗೆ ಸರಿಯಾಗಿ ಬಂದು ಕೂರತೊಡಗಿತು. ಒಂಟಿ ವಾಕ್ಯವನ್ನು ಎತ್ತಿ ನೋಡಿದರೆ ತಪ್ಪು ಹುಡುಕುವುದೇ ಕಷ್ಟವಾಯಿತು.

ನಾನು ಮೊದಲು ಹಿಡಿದ ದಾರಿ 'ಮತ್ತು' ಎಣಿಸುವುದು. ಕನ್ನಡದಲ್ಲಿ ಒಂದರ ಹಿಂದೊಂದು ನಡೆಯುವ ಕೆಲಸಗಳನ್ನು 'ಉತ್ತು, ಹರಗಿ, ಬಿತ್ತಿದರು' ಎಂದು ಪೋಣಿಸುತ್ತೇವೆ. ಯಂತ್ರ 'ಉತ್ತರು ಮತ್ತು ಬಿತ್ತಿದರು' ಎನ್ನುತ್ತದೆ. ಲೆಕ್ಕ ಸುಲಭವಾಗಿತ್ತು, ಫಲ ಮಾತ್ರ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವ ವೈದ್ಯರ, ಎಂಜಿನಿಯರರ ಸ್ವಂತ ಬರವಣಿಗೆಯಲ್ಲೂ 'ಮತ್ತು'ಗಳು ಅಷ್ಟೇ ಇರುತ್ತವೆ, ಪತ್ರಿಕೆಗಳ ಸುದ್ದಿಯಲ್ಲಿ ಇನ್ನೂ ಹೆಚ್ಚು. ಬಳಿಕ ಯಂತ್ರದ ಬರಹವನ್ನು ಪತ್ತೆ ಹಚ್ಚುತ್ತೇವೆ ಎನ್ನುವ ಒಂದು ತಂತ್ರಾಂಶಕ್ಕೆ ಮೂರು ತಿಂಗಳ ಚಂದಾ ಕಟ್ಟಿದೆ. ನೆನಪಿನಂತೆ 4,000 ರೂಪಾಯಿಯ ಆಸುಪಾಸು ಹೋಯಿತು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನನ್ನೆದುರೇ ಕೈಬರಹದಲ್ಲಿ ಬರೆದುಕೊಟ್ಟ ಲೇಖನವನ್ನು ಅದು ಯಂತ್ರದ್ದೆಂದಿತು, ನಾನೇ ಯಂತ್ರದಿಂದ ತೆಗೆದದ್ದನ್ನು ಮನುಷ್ಯರದ್ದೆಂದಿತು. ಇಂಗ್ಲಿಷಿಗಾಗಿ ಮಾಡಿದ ತಕ್ಕಡಿಯಲ್ಲಿ ಕನ್ನಡ ತೂಗಿದರೆ ಇನ್ನೇನಾದೀತು!

ಹೆಚ್ಚು ಕಾಲ ದಾರಿ ತಪ್ಪಿಸಿದ್ದು ಬಿಗಿಯಾದ ಗ್ರಾಂಥಿಕ ಶೈಲಿ. ಬಿಗಿ ಕಂಡಲ್ಲೆಲ್ಲ ಯಂತ್ರವಿದೆ ಎಂದುಕೊಂಡರೆ ನಮ್ಮ ಕಚೇರಿಗಳ ಅರ್ಧ ಕಡತಗಳನ್ನು ಯಂತ್ರವೇ ಬರೆದಿದೆ ಎನ್ನಬೇಕಾಗುತ್ತದೆ. ಹತ್ತಿರದಿಂದ ನೋಡಿದಾಗ ಎರಡು ಬಿಗಿಗಳೂ ಬೇರೆ ಬೇರೆ ಎಂದು ತಿಳಿಯಿತು. ಗುಮಾಸ್ತರ ಬಿಗಿಗೆ ಮನೆತನವಿದೆ: 'ಸದರಿ', 'ಮೇಲ್ಕಂಡ', 'ಈ ಮೂಲಕ', 'ಸಲ್ಲಿಸತಕ್ಕದ್ದು', 'ಕ್ರಮ ವಹಿಸುವುದು'. ಇವು ಹಳೆಯ ಸುತ್ತೋಲೆಗಳನ್ನು ನೋಡಿ ನೋಡಿ ಕೈಗೆ ಬಂದ ಮಾತುಗಳು. ರೈತರ ಕೈಪಿಡಿಯನ್ನು ಯಂತ್ರದಿಂದ ಇಳಿಸಿದಾಗ ಇವು ಸಾಮಾನ್ಯವಾಗಿ ಕಾಣುವುದಿಲ್ಲ. ಅಲ್ಲಿ 'ಹೊಂದಿದೆ', 'ಬಯಸಿದರೆ', 'ಖಚಿತಪಡಿಸಿಕೊಳ್ಳಿ', 'ಸಹಾಯ ಮಾಡುತ್ತದೆ' ಎಂಬ ನಾಲ್ಕೈದು ಕ್ರಿಯಾಪದಗಳೇ ಎಲ್ಲ ಕೆಲಸವನ್ನೂ ಹೊರುತ್ತವೆ. ಬೇರಿದ್ದರೂ ಹೊಂದಿದೆ, ರೋಗವಿದ್ದರೂ ಹೊಂದಿದೆ, ಸಾಲವಿದ್ದರೂ ಹೊಂದಿದೆ. ಗುಮಾಸ್ತರು ಎಷ್ಟೇ ಬಿಗಿಯಾಗಿ ಬರೆದರೂ 'ರೈತನಿಗೆ ಸಾಲವಿದ್ದಲ್ಲಿ' ಎನ್ನುತ್ತಾರೆಯೇ ಹೊರತು 'ರೈತನು ಸಾಲವನ್ನು ಹೊಂದಿದ್ದರೆ' ಎನ್ನುವುದು ಅಪರೂಪ. ಆ ಚತುರ್ಥಿ ವಿಭಕ್ತಿಯೊಂದೇ ನನಗೆ ಎಷ್ಟೋ ಸಲ ಮೊದಲ ಸುಳಿವು ಕೊಟ್ಟಿದೆ.

ಕೊನೆಗೆ ಕೈಗೂಡಿದ್ದು ವಾಕ್ಯದ ಒಳಗನ್ನು ಬಿಟ್ಟು ಎರಡು ವಾಕ್ಯಗಳ ನಡುವೆ ನೋಡತೊಡಗಿದ ಮೇಲೆ. ನನಗೆ ಒಪ್ಪಿಸಿದ ಯಂತ್ರಾನುವಾದಗಳು ಒಂದೊಂದು ವಾಕ್ಯವನ್ನೂ ಒಂಟಿಯಾಗಿಯೇ ಇಳಿಸಿದಂತಿರುತ್ತವೆ. ಹಿಂದಿನ ವಾಕ್ಯದಲ್ಲಿ ಏನು ಹೇಳಿತ್ತು ಎಂಬ ನೆನಪು ಮುಂದಿನದಕ್ಕೆ ಇರುವುದಿಲ್ಲ. ಕೃಷಿ ಅಧಿಕಾರಿ ಒಂದು ವಾಕ್ಯದಲ್ಲಿ 'ಭೇಟಿ ನೀಡಿದರು', ಮುಂದಿನದರಲ್ಲಿ 'ಅವನು ಸಲಹೆ ನೀಡಿದನು'. ಎಂತಹ ಕೆಟ್ಟ ಬರಹಗಾರನೂ ಒಂದೇ ಉಸಿರಿನಲ್ಲಿ ಗೌರವ ಕೊಟ್ಟು ಕಿತ್ತುಕೊಳ್ಳುವುದಿಲ್ಲ. ಎರಡನೆಯದು, 'ರೈತರು ತಮ್ಮ ಹೊಲದಲ್ಲಿ' ಎನ್ನಬೇಕಾದಲ್ಲಿ 'ರೈತರು ಅವರ ಹೊಲದಲ್ಲಿ' ಎಂದು ಬರುವುದು. ಓದುವವನಿಗೆ ಅದು ಯಾರದೋ ಬೇರೆಯವರ ಹೊಲವೆನಿಸುತ್ತದೆ. ಕಾಗುಣಿತ ಬಾರದವರಿಗೂ 'ತಮ್ಮ' ಎಲ್ಲಿ ಬರಬೇಕೆಂಬುದು ತಾಯ್ನುಡಿಯಲ್ಲೇ ಬಂದಿರುತ್ತದೆ. ಮೂರನೆಯದೇ ನನಗೆ ಅಚ್ಚುಮೆಚ್ಚು: ಒಂದೇ ವಸ್ತುವಿಗೆ ಪುಟಕ್ಕೊಂದು ಹೆಸರು.

ಇದಕ್ಕೆ ಒಳ್ಳೆಯ ನಿದರ್ಶನ ಅರವತ್ತು ಪುಟಗಳ ಆಸುಪಾಸಿನ ಒಂದು ತೊಗರಿ ಕೈಪಿಡಿ. ಅದರ ಅನುವಾದಕ್ಕೆ ಪದಕ್ಕೆ ಸುಮಾರು 1 ರೂಪಾಯಿ 50 ಪೈಸೆಯಂತೆ, ಅಂದರೆ ಒಟ್ಟು 18,000 ರೂಪಾಯಿಯಷ್ಟು, ಪ್ರಕಾಶಕರು ಕೊಡಬೇಕಿತ್ತು. ನನಗೆ ಪುಟಕ್ಕೆ 20 ರೂಪಾಯಿ. ಅದರ ಒಂದು ಭಾಗ ಹೀಗಿತ್ತು:

'ತೊಗರಿಯು ಆಳವಾದ ಬೇರಿನ ವ್ಯವಸ್ಥೆಯನ್ನು ಹೊಂದಿದೆ, ಇದು ಬರವನ್ನು ತಡೆದುಕೊಳ್ಳಲು ಸಹಾಯ ಮಾಡುತ್ತದೆ. ಹೆಬ್ಬೆರಳಿನ ನಿಯಮದಂತೆ, ರೈತರು ಬಿತ್ತನೆಗೆ ಮೊದಲು ಅವರ ಬೀಜಗಳಿಗೆ ಚಿಕಿತ್ಸೆ ನೀಡಬೇಕು ಮತ್ತು ಮಣ್ಣು ಚೆನ್ನಾಗಿ ಬರಿದಾಗಿದೆ ಎಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ನೀರು ನಿಲ್ಲುವಿಕೆಯು ಬಾಡುವಿಕೆಗೆ ಕಾರಣವಾಗುತ್ತದೆ.'

ಇಂಗ್ಲಿಷಿನ 'ರೂಲ್ ಆಫ್ ಥಂಬ್' ಹೆಬ್ಬೆರಳಾಗಿ ಬಂದದ್ದು ಕಂಡ ಕೂಡಲೇ ಎಲ್ಲರೂ ನಗುತ್ತಾರೆ, ಆದರೆ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಇಂಥ ಅಕ್ಷರಶಃ ನುಡಿಗಟ್ಟನ್ನು ಒಪ್ಪಿಸುವವರು ಅಳಿಸುವುದನ್ನು ಬೇಗ ಕಲಿಯುತ್ತಾರೆ. ಅದರ ಮುಂದಿನ ಅಧ್ಯಾಯಗಳಲ್ಲಿ ಅವು ಇರಲೇ ಇಲ್ಲ. ಅಳಿಸಲಾಗದ್ದು ವಾಕ್ಯದ ಹೊಲಿಗೆ. 'ಹೊಂದಿದೆ, ಇದು' ಎಂದು ಅಲ್ಪವಿರಾಮದ ಆಚೆಗೆ ವಿವರ ತಗುಲಿಸುವುದು, ಕಾರಣವನ್ನು 'ಏಕೆಂದರೆ' ಎಂದು ಬಾಲಕ್ಕೆ ಕಟ್ಟುವುದು, ಇವೆರಡೂ ಪುಟದ ಉದ್ದಕ್ಕೂ ಸಮನಾಗಿ ಬರುತ್ತಿದ್ದವು. ನಮ್ಮಲ್ಲಿ ಕಾರಣ ಮೊದಲು ನಡೆದು ಫಲ ಹಿಂದೆ ಬರುವುದು ವಾಡಿಕೆ: 'ತೊಗರಿಯ ಬೇರು ಆಳಕ್ಕೆ ಇಳಿಯುವುದರಿಂದ ಮಳೆ ಕೈಕೊಟ್ಟರೂ ಬೆಳೆ ತಡೆಯುತ್ತದೆ, ಆದರೆ ನೀರು ನಿಂತರೆ ನೆಟೆ ಹಿಡಿಯುವುದರಿಂದ ಬಸಿದು ಹೋಗುವ ಹೊಲದಲ್ಲೇ, ಬೀಜೋಪಚಾರ ಮಾಡಿ ಬಿತ್ತಬೇಕು.' 'ಏಕೆಂದರೆ' ಕನ್ನಡದ ಬರಹಗಾರರೂ ಬಳಸುತ್ತಾರೆ, ಆದರೆ ಒತ್ತು ಬೇಕಾದ ಕಡೆ ಮಾತ್ರ.

ರೋಗದ ಹೆಸರಿನ ವಿಷಯಕ್ಕೆ ಬಂದರೆ, ಕಲಬುರಗಿಯ ಕಡೆ ಅದನ್ನು ನೆಟೆ ರೋಗವೆಂದೇ ಕರೆಯುತ್ತಾರೆ, ಕೃಷಿ ಪುಸ್ತಕಗಳಲ್ಲಿ ಸೊರಗು ರೋಗ ಎಂದಿರುತ್ತದೆ. ಈ ಕೈಪಿಡಿಯಲ್ಲಿ ಒಮ್ಮೆ ಬಾಡುವಿಕೆ, ಎರಡು ಪುಟ ದಾಟಿದ ಮೇಲೆ ವಿಲ್ಟ್ ರೋಗ, ಚಿತ್ರದ ಕೆಳಗೆ ಸೊರಗು ರೋಗ ಎಂದಿತ್ತು. ಓದುವ ರೈತನಿಗೆ ಮೂರು ರೋಗಗಳಿವೆ ಎನಿಸಿ, ಮೂರಕ್ಕೂ ಬೇರೆ ಔಷಧಿ ಹುಡುಕುವ ಅಪಾಯವಿದೆ. ಬರೆದವರು ಇಲ್ಲಿಯವರಾಗಿದ್ದರೆ ನೆಟೆ ಎಂಬ ಮಾತು ಒಮ್ಮೆಯಾದರೂ ನುಸುಳುತ್ತಿತ್ತು. ಕೂರಿಗೆ, ಕುಂಟೆ, ಎಡೆ ಹೊಡೆಯುವುದು, ಕುಡಿ ಚಿವುಟುವುದು, ರಾಶಿ ಮಾಡುವುದು ಇವೂ ಬರುತ್ತಿದ್ದವು. ಅರವತ್ತು ಪುಟಗಳಲ್ಲಿ ಒಂದೂ ಇರಲಿಲ್ಲ.

ಪ್ರಕಾಶಕರಿಗೆ ಇಷ್ಟು ಸಾಲಲಿಲ್ಲ. ಇದು ನನ್ನ ರುಚಿಯ ಮಾತೆಂದರು. ಆಗ ಹಿಮ್ಮುಖ ಅನುವಾದ ಮಾಡಿ ತೋರಿಸಿದೆ. ಅನುಮಾನದ ವಾಕ್ಯವನ್ನು ಯಂತ್ರಕ್ಕೇ ಕೊಟ್ಟು ಇಂಗ್ಲಿಷಿಗೆ ಮರಳಿಸಿದರೆ, ಅಲ್ಲಿಂದ ಬಂದದ್ದು ಒಂದು ಸುಕ್ಕೂ ಇಲ್ಲದೆ ಹಿಂದಿರುಗುತ್ತದೆ. ಕನ್ನಡದಲ್ಲೇ ಹುಟ್ಟಿದ ವಾಕ್ಯ, ಅದರಲ್ಲೂ 'ಹೊಲ ಹದಕ್ಕೆ ಬಂದ ಮೇಲೆ ಕೂರಿಗೆ ಹೂಡಬೇಕು' ಎಂಬಂಥದ್ದು, ಮುರಿದು ಹೋಗುತ್ತದೆ. ಸರಳವಾದ ವಾಕ್ಯಗಳು ಯಾರು ಬರೆದರೂ ನುಣ್ಣಗೆ ಮರಳುವುದರಿಂದ ಈ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ವಾಕ್ಯವನ್ನು ಆರಿಸುವುದರಲ್ಲಿಯೇ ಜಾಣ್ಮೆಯಿದೆ. ಯಾವುದನ್ನು ಆರಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಕೈಪಿಡಿ ಒಪ್ಪಿಸುವವರೂ ಇದನ್ನು ಓದುತ್ತಾರೆ. ಮರಳಿ ಬಂದ ಇಂಗ್ಲಿಷ್ ಸಾಲುಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಅಂತರ್ಜಾಲದಲ್ಲಿ ಹುಡುಕಿದಾಗ ಹಲವು ಸಾಲುಗಳ ಮೂಲ ಹೆಚ್ಚುಕಡಿಮೆ ಹಾಗೆಯೇ ಸಿಕ್ಕಿತು. ಪ್ರಕಾಶಕರು ಅನುವಾದಕರ ಹಣದಲ್ಲಿ ಅರ್ಧದಷ್ಟನ್ನು ತಡೆದು ಕೈಪಿಡಿಯನ್ನು ಪುನಃ ಬರೆಸಲು ಬಳಸಿದರು. ನನ್ನ ದರವೂ ಪುಟಕ್ಕೆ 35ಕ್ಕೆ ಏರಿತು.

ನಡುವೆ ಬೀದರ್ ಕಡೆಯಿಂದ ಬಂದ ಒಂದು ಕಟ್ಟು ನನ್ನ ಲೆಕ್ಕವನ್ನೆಲ್ಲ ತಲೆಕೆಳಗೆ ಮಾಡಿತು. ಅದರ ಮೂಲ ಮರಾಠಿ. ಮರಾಠಿ, ಹಿಂದಿಗಳಲ್ಲೂ ಕ್ರಿಯಾಪದ ಕೊನೆಗೇ ಬರುವುದರಿಂದ ಪದಗಳ ಜೋಡಣೆಯಲ್ಲಿ ದೋಷವೇ ಕಾಣಲಿಲ್ಲ. ಕುತೂಹಲಕ್ಕೆ ಹಿಂದಿಯ ನುಡಿಗಟ್ಟುಗಳನ್ನು ಯಂತ್ರಕ್ಕೆ ಹಾಕಿ ನೋಡಿದೆ: 'ಚಾರ್ ಚಾಂದ್ ಲಗಾನಾ' ಎಂಬುದನ್ನು ಸಮಾರಂಭಕ್ಕೆ ಕಳೆ ತಂದರು ಎನ್ನಬೇಕಾದಲ್ಲಿ ನಾಲ್ಕು ಚಂದ್ರರು ಬಂದು ಕುಳಿತರು. ಇನ್ನು ಕೆಲವು, ಉದಾಹರಣೆಗೆ ಕೈ ತೊಳೆದುಕೊಂಡು ಬೆನ್ನು ಹತ್ತುವುದು, ಎರಡೂ ಭಾಷೆಗಳಲ್ಲಿ ಇರುವುದರಿಂದ ಏನನ್ನೂ ಹೇಳಲಿಲ್ಲ. ನಿಜಾಮರ ಕಾಲದಿಂದ ಉರ್ದು, ಮರಾಠಿ, ತೆಲುಗುಗಳ ನಡುವೆ ಬೆಳೆದ ನಮ್ಮ ಕನ್ನಡದಲ್ಲಿ ಇಂಥ ಹಂಚಿಕೆಯ ಮಾತುಗಳು ಬಹಳ. ಆ ಕಟ್ಟಿನಲ್ಲಿ ಕೊನೆಗೆ ಉಳಿದ ಆಧಾರ 'ಅವರು–ಅವನು' ಏರಿಳಿತವೊಂದೇ. ಮರಾಠಿಯಲ್ಲಿಯೂ ಗೌರವದ ರೂಪವಿರುವಾಗ ಅದು ಹೇಗೆ ಕಳೆದುಹೋಯಿತು? ನಡುವೆ ಇಂಗ್ಲಿಷಿನ ಮೂಲಕ ಹಾದು ಬಂದಿರಬೇಕು ಎಂದು ನನ್ನ ಊಹೆ.

ಕಾಗುಣಿತದ ತಪ್ಪುಗಳು ಮನುಷ್ಯರ ಕಡೆಗೆ ಸಾಕ್ಷಿ ಹೇಳುತ್ತವೆ. 'ಬಾಷೆ', 'ವಿಧ್ಯಾರ್ಥಿ' ಎಂದು ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡುವುದು, 'ಕೂರಿಗಿ', 'ಮನಿ' ಎಂದು ಆಡುಮಾತು ಇಣುಕುವುದು ಯಂತ್ರದಲ್ಲಿ ಅಪರೂಪ. ಇದನ್ನು ಅರಿತ ಒಬ್ಬರು ಬೇಕೆಂದೇ ತಪ್ಪುಗಳನ್ನು ಬಿತ್ತಿ ಒಪ್ಪಿಸಿದ್ದರು, ಆದರೆ ಅವು ಪ್ರತಿ ಪುಟದಲ್ಲೂ ಮೊದಲ ಎರಡು ಸಾಲುಗಳಲ್ಲಿ ಮಾತ್ರ ಇದ್ದವು.

ಇನ್ನೂರು ಪದಗಳಿಗಿಂತ ಚಿಕ್ಕ ಬರಹವನ್ನು ನಾನು ಮುಟ್ಟುವುದಿಲ್ಲ, ಏಕೆಂದರೆ ಹೆಸರು ಬದಲಾಗಲು, ಗೌರವ ಏರಿಳಿಯಲು ಅಲ್ಲಿ ಜಾಗವೇ ಇರುವುದಿಲ್ಲ. ಯಂತ್ರದಿಂದ ಇಳಿಸಿ, ಬಳಿಕ ಕನ್ನಡ ಬಲ್ಲವರು ಕೂತು ಸಾಲು ಸಾಲಾಗಿ ತಿದ್ದಿದ್ದರೂ ನನ್ನ ಕ್ರಮ ಸೋಲುತ್ತದೆ. ಅಷ್ಟು ದುಡಿದವರಿಗೆ ಹಣ ಕೊಡಬಾರದೆಂದು ನಾನೇ ವಾದಿಸುವುದಿಲ್ಲ. ಉಳಿದವುಗಳಲ್ಲಿ 'ಇದು ಯಂತ್ರದ್ದು' ಎಂದು ಷರಾ ಬರೆಯುವುದನ್ನು ಬಿಟ್ಟಿದ್ದೇನೆ. ಗುರುತು ಹಾಕಿದ ಹತ್ತು ಹನ್ನೆರಡು ವಾಕ್ಯಗಳನ್ನು ಮರಳಿಸಿ, ಇಲ್ಲಿ 'ಅವರ' ಎಂದರೆ ಯಾರ ಹೊಲ, ಬಾಡುವಿಕೆಯೂ ಸೊರಗು ರೋಗವೂ ಒಂದೆಯೇ, ಮಣ್ಣು ಬರಿದಾಗುವುದೆಂದರೇನು ಎಂದು ಒಪ್ಪಿಸಿದವರನ್ನೇ ಕೇಳುತ್ತೇನೆ. ತಾವೇ ಬರೆದವರು ಅಂದೇ ಫೋನ್ ಮಾಡಿ ಜಗಳಕ್ಕೆ ನಿಲ್ಲುತ್ತಾರೆ. ಬೇರೆಯವರಿಂದ ವಾರ ಕಳೆದ ಮೇಲೆ ಹೊಸ ಕಡತವೊಂದು ಬರುತ್ತದೆ, ಅದರಲ್ಲಿ ರೋಗಕ್ಕೆ ನಾಲ್ಕನೆಯ ಹೆಸರಿರುತ್ತದೆ.