60° ಕೊಟ್ಟು ನಾನೇ ಎಡವಿದ ಸ್ಪರ್ಶಕದ ಲೆಕ್ಕ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಮೊದಲು ನಡೆಸಿದ ಒಂದು ಕಿರುಪರೀಕ್ಷೆಯಲ್ಲಿ 3 ಅಂಕದ ಈ ಪ್ರಶ್ನೆಯನ್ನು ನಾನೇ ರಚಿಸಿ ಕೊಟ್ಟಿದ್ದೆ: O ಕೇಂದ್ರವುಳ್ಳ ವೃತ್ತಕ್ಕೆ P ಎಂಬ ಬಾಹ್ಯಬಿಂದುವಿನಿಂದ PA ಮತ್ತು PB ಸ್ಪರ್ಶಕಗಳನ್ನು ಎಳೆದಿದೆ, ∠APB = 60°, ಲಘು ಕಂಸ AB ಮೇಲೆ C ಒಂದು ಬಿಂದು, ಹಾಗಾದರೆ ∠ACB ಎಷ್ಟು?

ನಾನು ಬರೆದಿಟ್ಟುಕೊಂಡಿದ್ದ ಮಾದರಿ ಉತ್ತರ ಹೀಗಿತ್ತು. ಸ್ಪರ್ಶಬಿಂದುವಿನಲ್ಲಿ ತ್ರಿಜ್ಯವು ಸ್ಪರ್ಶಕಕ್ಕೆ ಲಂಬವಾಗಿರುವುದರಿಂದ ∠OAP ಮತ್ತು ∠OBP ತಲಾ 90°; OAPB ಚತುರ್ಭುಜದ ಕೋನಗಳ ಮೊತ್ತ 360° ಆದ್ದರಿಂದ ∠AOB = 120°. ಈಗ ಅಧಿಕ ಕಂಸದ ಮೇಲೆ D ಎಂಬ ಬಿಂದುವನ್ನು ತೆಗೆದುಕೊಂಡರೆ ∠ADB = 60°; ADBC ಚಕ್ರೀಯ ಚತುರ್ಭುಜವಾದ್ದರಿಂದ ∠ACB = 180° − 60° = 120°. D ಬಿಂದು ಬೇಡವೆನ್ನುವವರು O ಬಳಿಯ ಸರಳಾಧಿಕ ಕೋನ 240° ತೆಗೆದುಕೊಂಡು ಅದರ ಅರ್ಧ 120° ಎಂದರೂ ಆಯಿತು.

ಉತ್ತರಪತ್ರಿಕೆಗಳನ್ನು ರಾತ್ರಿ ಕುಳಿತು ತಿದ್ದಿದೆ. ಕೊನೆಯ ಸಾಲಿನಲ್ಲಿ 120° ಕಂಡರೆ ಪೂರ್ಣ ಅಂಕ, 60° ಕಂಡರೆ 1 ಅಂಕ ಎಂಬ ಲಯ ಕೈಗೆ ಬಂದುಬಿಟ್ಟಿತ್ತು. ತಿದ್ದುವವರೆಲ್ಲರಿಗೂ ಈ ಲಯ ಗೊತ್ತಿರುತ್ತದೆ, ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ಮರುದಿನ ಪತ್ರಿಕೆಗಳನ್ನು ಹಂಚಿದ ಮೇಲೆ, 60° ಬರೆದು 1 ಅಂಕ ಪಡೆದಿದ್ದ ಹುಡುಗನೊಬ್ಬ ತನ್ನ ಪತ್ರಿಕೆಯ ಜೊತೆಗೆ ಪಕ್ಕದವನ ಪತ್ರಿಕೆಯನ್ನೂ ಹಿಡಿದುಕೊಂಡು ಮೇಜಿನ ಹತ್ತಿರ ಬಂದ.

"ಸರ್, ಇವನ ಉತ್ತರ ಬರೋಬ್ಬರಿ ಐತ್ರಿ. ಆದ್ರ ಕಾರಣ ಬರೋಬ್ಬರಿ ಐತೇನ್ರಿ?" ಎಂದು ಕೇಳಿದ.

ಪಕ್ಕದವನ ಪತ್ರಿಕೆಯಲ್ಲಿ ಹೀಗಿತ್ತು: "∠AOB = 180° − 60° = 120°. ∠ACB = ∠AOB = 120°, ಏಕೆಂದರೆ ಒಂದೇ ಜ್ಯಾದ ಮೇಲಿನ ಕೋನಗಳು ಸಮ." ಅದರ ಪಕ್ಕದಲ್ಲಿ ನನ್ನ ಕೆಂಪು ಶಾಯಿಯ ಸರಿ ಗುರುತು, ಕೆಳಗೆ 3 ಅಂಕ. O ವೃತ್ತದ ಕೇಂದ್ರ, C ವೃತ್ತದ ಮೇಲಿನ ಬಿಂದು. ಆ ಎರಡು ಕೋನಗಳನ್ನು ಸಮ ಎನ್ನುವ ಯಾವ ಪ್ರಮೇಯವೂ ಇಲ್ಲ. ಹುಡುಗನಿಗೆ ಏನು ಹೇಳಬೇಕೆಂದು ಆ ಕ್ಷಣಕ್ಕೆ ತೋಚದೆ, ಹಂಚಿದ್ದ ಪತ್ರಿಕೆಗಳನ್ನೆಲ್ಲ ವಾಪಸು ಇಸಿದುಕೊಂಡೆ.

ಆ ಸಂಜೆ ಎರಡನೆಯ ಸಲ ಓದುವಾಗ ಮಾಡಿದ ಮೊದಲ ಕೆಲಸವೆಂದರೆ ಕೊನೆಯ ಸಾಲನ್ನು ಒಂದು ಕಾಗದದ ತುಂಡಿನಿಂದ ಮುಚ್ಚಿ, ಪ್ರತಿಯೊಬ್ಬರೂ ಬರೆದ ಕಾರಣವನ್ನೇ ಹಿಡಿದುಕೊಂಡು 60° ಬದಲಿಗೆ 70° ಹಾಕಿ ನಾನೇ ಲೆಕ್ಕ ಮಾಡಿದ್ದು. ಸರಿಯಾದ ದಾರಿಯಲ್ಲಿ ಹೋದರೆ ∠AOB = 110°, ∠ADB = 55°, ∠ACB = 125°. "O ಮತ್ತು C ಬಳಿಯ ಕೋನಗಳು ಸಮ" ಎಂಬ ಕಾರಣವನ್ನು ಹಿಡಿದರೆ 110° ಬರುತ್ತದೆ. ಎರಡೂ ಬೇರೆ ಬೇರೆ. 60° ಇದ್ದಾಗ ಮಾತ್ರ ಎರಡೂ 120° ಆಗಿ ಒಂದರ ಮೇಲೊಂದು ಕೂತುಬಿಡುತ್ತವೆ.

ಇದು ಕಾಕತಾಳೀಯವೋ ಅಥವಾ ಕಾರಣವಿದೆಯೋ ಎಂದು ನೋಡಲು ಕೊಟ್ಟ ಕೋನವನ್ನು θ ಎಂದು ಇಟ್ಟುಕೊಂಡೆ. ಸರಿಯಾದ ಉತ್ತರ ಯಾವಾಗಲೂ 90° + θ/2. ತಪ್ಪು ಕಾರಣದ ಉತ್ತರ 180° − θ. ಇವೆರಡೂ ಸಮವಾಗಬೇಕಾದರೆ 3θ/2 = 90°, ಅಂದರೆ θ = 60° ಒಂದೇ. ಇರುವ ಕೋನಗಳಲ್ಲೆಲ್ಲ ತಪ್ಪನ್ನು ಅಡಗಿಸಿಕೊಳ್ಳುವ ಒಂದೇ ಕೋನವನ್ನು ಹುಡುಕಿ ಹುಡುಕಿ ಪ್ರಶ್ನೆಗೆ ಹಾಕಿದವನು ನಾನೇ, ಲೆಕ್ಕ ಸುಲಭವಾಗಲಿ ಎಂಬ ಒಂದೇ ಉದ್ದೇಶದಿಂದ.

ಮಕ್ಕಳ ಚಿತ್ರಗಳೂ ಈ ತಪ್ಪಿಗೆ ಒತ್ತಾಸೆಯಾಗಿದ್ದವು. ಹೆಚ್ಚಿನವರು C ಬಿಂದುವನ್ನು ಕಂಸದ ನಟ್ಟನಡುವೆ ಗುರುತಿಸುತ್ತಾರೆ. 60° ಇರುವಾಗ ಹಾಗೆ ಮಾಡಿದರೆ OACB ನಿಜವಾಗಿಯೂ ವಜ್ರಾಕೃತಿ ಆಗುತ್ತದೆ. ಅದರ ಅಭಿಮುಖ ಕೋನಗಳು ಸಮವೇ. ಒಬ್ಬ ಹುಡುಗಿ ತನ್ನ ಬಳೆಯನ್ನು ಇಟ್ಟು ವೃತ್ತ ಬರೆದು, ಕೇಂದ್ರವನ್ನು ಕಣ್ಣಂದಾಜಿನಲ್ಲಿ ಗುರುತಿಸಿ, "OACB ವಜ್ರಾಕೃತಿಯಂತೆ ಕಾಣುವುದರಿಂದ" ಎಂದೇ ಬರೆದಿದ್ದಳು. ಪ್ರಾಮಾಣಿಕಳು, ಆಕೆಗೆ ಕಂಡದ್ದು ಸುಳ್ಳಲ್ಲ. ಆದರೆ C ಬಿಂದುವನ್ನು ಕಂಸದ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ವಜ್ರಾಕೃತಿ ಮಾಯವಾಗುತ್ತದೆ, ಕೋನ ಮಾತ್ರ 120° ಆಗಿಯೇ ಉಳಿಯುತ್ತದೆ.

ಪ್ರಮೇಯಗಳನ್ನು ಮಕ್ಕಳು ಎಲ್ಲಿ ಕತ್ತರಿಸಿ ಬರೆಯುತ್ತಾರೆಂಬುದು ಆಗ ನನಗೆ ಸ್ಪಷ್ಟವಾಯಿತು. ಪ್ರಮೇಯ ಹೇಳುವುದು ಒಂದೇ ವೃತ್ತಖಂಡದಲ್ಲಿನ ಕೋನಗಳು ಸಮ ಎಂದು. ಮಕ್ಕಳು "ಒಂದೇ ಜ್ಯಾದ ಮೇಲಿನ ಕೋನಗಳು ಸಮ" ಎನ್ನುತ್ತಾರೆ. ಹಾಗೆ ಬರೆದ ತಕ್ಷಣ ಶೃಂಗಗಳು ವೃತ್ತದ ಮೇಲೆಯೇ ಇರಬೇಕು, ಅದೂ ಜ್ಯಾದ ಒಂದೇ ಬದಿಗೆ ಇರಬೇಕು ಎಂಬ ಎರಡೂ ಷರತ್ತುಗಳು ಬಿದ್ದುಹೋಗುತ್ತವೆ. ದೂರು ತಂದ ಹುಡುಗನ ತಪ್ಪು ಕೂಡ ಇದೇ ಜಾತಿಯದು. ಒಂಬತ್ತನೇ ತರಗತಿಯಲ್ಲಿ ಕಲಿತ ಪ್ರಮೇಯದ ಪ್ರಕಾರ ಕಂಸವು ಕೇಂದ್ರದಲ್ಲಿ ಏರ್ಪಡಿಸುವ ಕೋನವು ಅದೇ ಕಂಸವು ವೃತ್ತದ ಉಳಿದ ಭಾಗದ ಮೇಲಿನ ಬಿಂದುವಿನಲ್ಲಿ ಏರ್ಪಡಿಸುವ ಕೋನದ ಎರಡರಷ್ಟು. ಅವನು "ಉಳಿದ ಭಾಗ" ಎಂಬ ಎರಡು ಪದ ಬಿಟ್ಟು, ಅದೇ ಕಂಸದ ಮೇಲೆ ಕೂತಿರುವ C ಬಿಂದುವಿಗೆ ಅರ್ಧ ಮಾಡಿದ್ದ. ಅವನಿಗೆ 1 ಅಂಕ, ಪಕ್ಕದವನಿಗೆ 3 ಅಂಕ ಕೊಟ್ಟದ್ದು ನ್ಯಾಯವಾಗಿರಲಿಲ್ಲ. ಇಬ್ಬರೂ ∠AOB ತನಕ ಸರಿಯಾಗಿ ಬಂದು ನಂತರ ಒಂದೊಂದು ಷರತ್ತನ್ನು ಮರೆತವರೇ.

ಇನ್ನು ಮೂರನೆಯ ಗುಂಪಿನವರು OACB ಚಕ್ರೀಯ ಚತುರ್ಭುಜವೆಂದು ಬಗೆದು, 180° ಯಿಂದ ∠AOB ಕಳೆದು 60° ಬರೆದಿದ್ದರು. ಇದನ್ನು ಹಿಡಿಯಲು 70° ಕೂಡ ಬೇಕಿಲ್ಲ. C ಇರುವುದು ಅರ್ಧವೃತ್ತಕ್ಕಿಂತ ಚಿಕ್ಕದಾದ ವೃತ್ತಖಂಡದಲ್ಲಿ, ಆದ್ದರಿಂದ ಅಲ್ಲಿನ ಕೋನ ವಿಶಾಲಕೋನವೇ ಆಗಬೇಕು. 90° ಗಿಂತ ಕಡಿಮೆಯ ಯಾವ ಉತ್ತರವನ್ನೂ ನೋಡಿದೊಡನೆ ಬದಿಗಿಡಬಹುದು. ಆದರೆ 70° ಲೆಕ್ಕದ 110° ಈ ಜರಡಿಯಲ್ಲಿ ಉಳಿದುಕೊಳ್ಳುತ್ತದೆ, ಏಕೆಂದರೆ ಅದೂ ವಿಶಾಲಕೋನವೇ. ಅದಕ್ಕಾಗಿ ನಾನು P ಬಿಂದುವನ್ನು ದೂರಕ್ಕೆ ಸರಿಸಿ ನೋಡುತ್ತೇನೆ. P ದೂರ ಹೋದಷ್ಟೂ ∠APB ಚಿಕ್ಕದಾಗುತ್ತದೆ, AB ಜ್ಯಾ ವ್ಯಾಸದ ಹತ್ತಿರಕ್ಕೆ ಬರುತ್ತದೆ, ಹಾಗಾಗಿ ∠ACB ಕುಗ್ಗುತ್ತಾ 90° ಕಡೆಗೆ ಇಳಿಯಬೇಕು. 180° − θ ಮಾತ್ರ θ ಕುಗ್ಗಿದಂತೆಲ್ಲ ಹಿಗ್ಗುತ್ತಾ 180° ಕಡೆಗೆ ಏರುತ್ತದೆ. ಅಲ್ಲಿಗೆ ಅದರ ಬಣ್ಣ ಬಯಲು.

ಮರುದಿನ ತರಗತಿಯಲ್ಲಿ ಇದನ್ನು ಅಳೆದೇ ತೋರಿಸಿದೆ. ಕೈವಾರದಲ್ಲಿ 4 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು, ಕೇಂದ್ರದಿಂದ 7 ಸೆಂ.ಮೀ. ದೂರದಲ್ಲಿ P ಗುರುತಿಸಿ, OP ಯನ್ನು ವ್ಯಾಸವಾಗಿಸಿಕೊಂಡು ಇನ್ನೊಂದು ವೃತ್ತ ಎಳೆದು, ಎರಡು ವೃತ್ತಗಳು ಕತ್ತರಿಸುವ ಬಿಂದುಗಳನ್ನು A ಮತ್ತು B ಎಂದು ಹೆಸರಿಸಲು ಹೇಳಿದೆ. ಈ ಅಳತೆಗೆ ∠APB ಸುಮಾರು 70° ಬರುತ್ತದೆ. OP ಯನ್ನು 8 ಸೆಂ.ಮೀ. ಮಾಡಿದ್ದರೆ ಸರಿಯಾಗಿ 60° ಬಂದು ಮತ್ತೆ ಅದೇ ಬಲೆಗೆ ಬೀಳುತ್ತಿದ್ದೆವು. C ಬಿಂದುವನ್ನು ಪ್ರತಿಯೊಬ್ಬರೂ ತಮಗೆ ಬೇಕಾದಲ್ಲಿ ಇಟ್ಟರು. ಕೋನಮಾಪಕದಲ್ಲಿ ಕೆಲವರಿಗೆ 124°, ಕೆಲವರಿಗೆ 126° ಬಂತು, ಯಾರಿಗೂ 110° ಬರಲಿಲ್ಲ. ಕೇಂದ್ರದಲ್ಲಿ 110° ಅಳೆದು ಸ್ಪರ್ಶಕಗಳನ್ನು ಎಳೆಯುವ ಸುಲಭದ ವಿಧಾನವನ್ನು ಬೇಕೆಂದೇ ಬಿಟ್ಟಿದ್ದೆ; ∠AOB + ∠APB = 180° ಎಂಬುದನ್ನು ನಂಬಿಯೇ ಬರೆದ ಚಿತ್ರದಿಂದ ಆ ಸಂಬಂಧವನ್ನು ಪರೀಕ್ಷಿಸಿದ ಹಾಗಾಗುವುದಿಲ್ಲ.

ಆ ಎರಡನೆಯ ವೃತ್ತ ಇನ್ನೊಂದು ತಕರಾರನ್ನೂ ಎಬ್ಬಿಸಿತು. "OAPB ಚಕ್ರೀಯ ಚತುರ್ಭುಜ, ಆದ್ದರಿಂದ ∠AOB = 180° − ∠APB" ಎಂದು ಬರೆದ ಕೆಲವರಿಗೆ ನಾನು ಅರ್ಧ ಅಂಕ ಕಡಿದಿದ್ದೆ, ಏಕೆಂದರೆ ಕೊಟ್ಟ ವೃತ್ತದ ಮೇಲೆ O ಇಲ್ಲ, P ಕೂಡ ಇಲ್ಲ. ಬಳೆಯ ಹುಡುಗಿ ಬೋರ್ಡು ನೋಡಿ, "ಸರ್, O, A, P, B ನಾಲ್ಕೂ ಆ ಇನ್ನೊಂದು ವೃತ್ತದ ಮ್ಯಾಲ ಅದಾವಲ್ರಿ" ಎಂದಳು. ಹೌದು, ಅವು ಇವೆ; A ಮತ್ತು B ಬಳಿಯ ಎರಡು ಲಂಬಕೋನಗಳ ಮೊತ್ತ 180° ಆಗುವುದರಿಂದಲೇ ಆ ಚತುರ್ಭುಜ ಚಕ್ರೀಯ. ಹಾಗಾಗಿ ಮೊದಲು ಲಂಬಕೋನಗಳನ್ನು ಕಾರಣಸಹಿತ ಬರೆದು ಆಮೇಲೆ ಚಕ್ರೀಯ ಎಂದವರಿಗೆ ಅಂಕ ಪೂರ್ತಿ, ಲಂಬಕೋನದ ಮಾತೇ ಎತ್ತದೆ ಚಕ್ರೀಯ ಎಂದವರಿಗೆ ಅರ್ಧ ಅಂಕ ಕಡಿತ ಎಂದು ತಿದ್ದಿಕೊಂಡೆ.

ಕೋನ ಬದಲಾಯಿಸಿ ನೋಡುವ ಉಪಾಯವೂ ಎಲ್ಲ ಕಡೆ ಸಲ್ಲುವುದಿಲ್ಲ ಎಂಬುದು ಮುಂದಿನ ವಾರವೇ ತಿಳಿಯಿತು. ಇದೇ ಚಿತ್ರದಲ್ಲಿ ∠APB = 2∠OAB ಎಂದು ಸಾಧಿಸಲು ಕೊಟ್ಟಿದ್ದೆ. "ಕೇಂದ್ರದಲ್ಲಿನ ಕೋನ ಪರಿಧಿಯಲ್ಲಿನ ಕೋನದ ಎರಡರಷ್ಟು, ಆದ್ದರಿಂದ" ಎಂದು ಒಂದೇ ಸಾಲಿನಲ್ಲಿ ಮುಗಿಸಿದವರು ಹಲವರು. 60°, 70°, 100°, ಯಾವ ಕೋನ ಹಾಕಿದರೂ ಈ ಹೇಳಿಕೆ ನಿಜವೇ, ಆದ್ದರಿಂದ ಅಂಕಿ ಬದಲಿಸಿ ತಪ್ಪನ್ನು ಹಿಡಿಯಲು ಬರುವುದಿಲ್ಲ. ಇಲ್ಲಿ ಕಾರಣವನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿಯೇ ನೋಡಬೇಕು: ಎರಡರಷ್ಟಿರುವ ಕೋನದ ಶೃಂಗ P, ಆದರೆ ಕೇಂದ್ರ O; ಅಲ್ಲಿಗೆ ಆ ಪ್ರಮೇಯಕ್ಕೆ ಇಲ್ಲಿ ಜಾಗವಿಲ್ಲ. ನಿಜವಾದ ಕಾರಣ PA = PB ಎಂಬುದು. ಅದರಿಂದ ∠PAB = 90° − θ/2 ಆಗುತ್ತದೆ, ∠OAP ಲಂಬಕೋನವಾದ್ದರಿಂದ ಉಳಿದದ್ದು ∠OAB = θ/2.

ಅಂದಿನಿಂದ ಪ್ರಮೇಯದ ಹೆಸರು ಬರೆದರೆ ಸಾಲದು, ಕೇಂದ್ರ ಯಾವ ಅಕ್ಷರ, ಕಂಸ ಯಾವುದು, ಕೋನದ ಶೃಂಗ ಆ ಕಂಸದ ಮೇಲಿದೆಯೋ ಉಳಿದ ಭಾಗದ ಮೇಲಿದೆಯೋ ಎಂದು ಕಾರಣದ ಆವರಣದಲ್ಲೇ ಬರೆಯಲು ಹೇಳುತ್ತೇನೆ. ಆ ಕಿರುಪರೀಕ್ಷೆಯಲ್ಲಿ ತಪ್ಪು ಕಾರಣಕ್ಕೆ ಬಿದ್ದ ಅಂಕಗಳನ್ನು ಹಿಂಪಡೆಯಲಿಲ್ಲ, ಪ್ರಶ್ನೆಯ ದೋಷ ನನ್ನದಾದ್ದರಿಂದ. ಕಾರಣದ ಕೆಳಗೆ ಗೆರೆ ಎಳೆದು ಬಿಟ್ಟುಹೋದ ಪದಗಳನ್ನು ಬರೆದುಕೊಟ್ಟೆ. ದೂರು ತಂದ ಹುಡುಗನಿಗೆ ಮಾತ್ರ ಅರ್ಧ ಅಂಕ ಹೆಚ್ಚಿಸಿದೆ. "ಇನ್ನೂ ಅರ್ಧ ಬರ್ತದೇನ್ರಿ ಸರ್?" ಎಂದು ಕೇಳಿದ. C ಬಿಂದು ಎಲ್ಲಿದೆ ಎಂದು ತೋರಿಸು ಎಂದೆ. ಲಘು ಕಂಸದ ಮೇಲೆ ಬೆರಳಿಟ್ಟು, ಸ್ವಲ್ಪ ಹೊತ್ತು ಹಾಗೆಯೇ ನಿಂತು, ಪತ್ರಿಕೆ ಮಡಚಿಕೊಂಡು ಹೋದ.